ಮನೆಪಾಠ ಹೇಳುತ್ತಾ ನನ್ನ ಪರೀಕ್ಷೆಗೆ ಓದಿದ್ದು

ಮೊದಲ ಸಲ ಪರೀಕ್ಷೆಗೆ ಕಟ್ಟಿದಾಗ ಗೋಡೆಗೆ ಒಂದು ಟೈಮ್‌ಟೇಬಲ್ ಅಂಟಿಸಿದ್ದೆ. ದಿನಕ್ಕೆ ಐದು ಗಂಟೆ ಓದು, ಪರೀಕ್ಷೆಗೆ 38 ವಾರ. ಗುಣಿಸಿ ನೋಡಿದರೆ 1330 ಗಂಟೆ ಬಂತು. ಇಷ್ಟಿದ್ದರೆ ಯಾರು ಬೇಕಾದರೂ ಪಾಸಾಗುತ್ತಾರೆ ಅಂತ ಖುಷಿಯಾಗಿ ಅವತ್ತು ಓದದೇ ಮಲಗಿದೆ.

ಆ ಸಲ ಪಾಸಾಗಲಿಲ್ಲ. ಯಾಕೆ ಆಗಲಿಲ್ಲ ಅನ್ನೋದು ಗೊತ್ತಾಗಿದ್ದು ಆಮೇಲೆ. ಮನೆಪಾಠದ ಡೈರಿ ಮತ್ತು ಓದಿನ ಡೈರಿ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತಾಗ.

ನಾನು ಐದು ಮನೆಗೆ ಹೋಗಿ ಪಾಠ ಹೇಳುತ್ತೇನೆ. ಮೂರು ಮನೆಗೆ ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆ. ಇನ್ನೆರಡು ಮನೆಗೆ ವಾರಕ್ಕೆ ಎರಡು ದಿನ, ಒಂದೂವರೆ ಗಂಟೆ. ಒಟ್ಟು ವಾರಕ್ಕೆ 15 ಗಂಟೆ. ಕೇಳಿದವರೆಲ್ಲ "ಬರೀ 15 ಗಂಟೆನಾ, ಹಗಲೆಲ್ಲ ಫ್ರೀ ಅಲ್ವಾ" ಅನ್ನುತ್ತಾರೆ. ನಾನೂ ಹಾಗೇ ನಂಬಿದ್ದೆ. ಎರಡನೇ ಸಲ ಶುರು ಮಾಡುವಾಗ ಟೈಮ್‌ಟೇಬಲ್ ಹಾಕಲೇ ಇಲ್ಲ, 14 ದಿನ ಸುಮ್ನೆ ಬರೆದಿಟ್ಟೆ. ಮನೆಯಿಂದ ಎಷ್ಟಕ್ಕೆ ಹೊರಟೆ, ಎಷ್ಟಕ್ಕೆ ವಾಪಸ್ ಬಂದೆ, ನಡುವೆ ಏನಾಯ್ತು, ಅಷ್ಟೇ. ವಾರದ ಲೆಕ್ಕ ಹೀಗೆ ಬಂತು: ಪಾಠ 15 ಗಂಟೆ, ಓಡಾಟ ಆರೂವರೆ, ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಕಾಯೋದು ಮೂರು, ಪಾಠಕ್ಕೆ ತಯಾರಿ ಮತ್ತು ಉತ್ತರ ತಿದ್ದೋದು ಮೂರೂವರೆ, ತಂದೆತಾಯಿಯರ ಮೆಸೇಜು ಫೋನು ಒಂದು. ಒಟ್ಟು 29. ದುಡ್ಡು ಬರೋದು ಹದಿನೈದಕ್ಕೆ, ಹೋಗೋದು ಇಪ್ಪತ್ತೊಂಬತ್ತು.

ಆ ಆರೂವರೆ ಗಂಟೆ ಓಡಾಟದಲ್ಲಿ ನಾಲ್ಕು ಗಂಟೆ ಒಂದೇ ಮನೆಯದು. ಹೋಗೋಕೆ 40 ನಿಮಿಷ, ಬರೋಕೆ 40 ನಿಮಿಷ, ವಾರಕ್ಕೆ ಮೂರು ಸಲ. ಆ ಮನೆಯವರು ಬೇರೆಯವರಿಗಿಂತ ಗಂಟೆಗೆ ಹತ್ತು ಪರ್ಸೆಂಟ್ ಜಾಸ್ತಿ ಕೊಡುತ್ತಾರೆ ಅಂತ ನನಗೆ ಅದೇ ಒಳ್ಳೆಯ ಮನೆ ಅನಿಸಿತ್ತು. ಲೆಕ್ಕ ಹಾಕಿದರೆ ಮೂರು ಗಂಟೆ ಪಾಠಕ್ಕೆ ಏಳು ಗಂಟೆ ಕೊಡುತ್ತಿದ್ದೆ. ಪಕ್ಕದ ಬೀದಿಯ ಮನೆಗೆ ಅದೇ ಮೂರು ಗಂಟೆ ಪಾಠಕ್ಕೆ ಮೂರೂವರೆ ಗಂಟೆ ಸಾಕು. ಬಿಟ್ಟುಬಿಡೋಣ ಅನಿಸಿತು, ಆದರೆ ಬಿಡೋಕೆ ಧೈರ್ಯ ಬರಲಿಲ್ಲ. ಮೂರು ದಿನ ಒಂದೊಂದು ಗಂಟೆ ಬದಲು ಎರಡು ದಿನ ಒಂದೂವರೆ ಗಂಟೆ ಮಾಡೋಣ ಅಂತ ಕೇಳಿದೆ. ಆ ಹುಡುಗನ ತಾಯಿ ನಕ್ಕುಬಿಟ್ಟರು. "ಇವನು ಒಂದು ಗಂಟೆ ಕೂರೋದೇ ದೊಡ್ಡದು ಮೇಡಂ, ನೋಡಿ, ಕೂರಿಸ್ತೀರಾದ್ರೆ ಕೂರಿಸಿ." ನಡುವೆ ಐದು ನಿಮಿಷ ಬಿಡುವು ಕೊಟ್ಟು, ಕೊನೆಯ ಅರ್ಧ ಗಂಟೆ ಅವನ ಕೈಯಲ್ಲೇ ಲೆಕ್ಕ ಮಾಡಿಸಿದೆ, ಕೂತ. ಅದೇ ಪಾಠ, ಅದೇ ದುಡ್ಡು. ನನಗೆ ವಾರಕ್ಕೆ ಒಂದು ಗಂಟೆ ಇಪ್ಪತ್ತು ನಿಮಿಷ ಉಳಿಯಿತು.

ಇನ್ನು ಹಗಲೆಲ್ಲ ಫ್ರೀ ಅನ್ನೋ ಮಾತು. ಸಂಜೆ ನಾಲ್ಕರವರೆಗೆ ಪಾಠ ಇಲ್ಲ ಅಂದರೆ ಮನೆಯವರ ಕಣ್ಣಿಗೆ ನಾವು ಖಾಲಿ ಕೂತವರು. ಗ್ಯಾಸ್ ಬರುತ್ತೆ ಬಾಗಿಲು ತೆಗಿ, ಅಜ್ಜಿಯನ್ನ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗು. ಹಾಗಾಗಿ ಮೊದಲ ಸಲ ನಾನು ಓದನ್ನು ರಾತ್ರಿಗೆ ತಳ್ಳಿದ್ದೆ, ಒಂಬತ್ತೂವರೆಯಿಂದ ಹನ್ನೆರಡು. ಹಳೇ ಡೈರಿ ತೆಗೆದು ನೋಡಿದರೆ ಒಂದು ಪಕ್ಷದಲ್ಲಿ, ಅಂದರೆ 14 ರಾತ್ರಿಗಳಲ್ಲಿ, ಕೂತಿದ್ದು ಒಂಬತ್ತು ರಾತ್ರಿ. ಕೂತ ರಾತ್ರಿಯೂ ಓದು ಆಯ್ತಾ ಅಂತ ತಿಳಿಯೋಕೆ ಒಂದು ಸುಲಭದ ದಾರಿ ಇದೆ: ಪುಸ್ತಕ ಮುಚ್ಚಿ, ಈಗ ಓದಿದ್ದನ್ನು ಖಾಲಿ ಹಾಳೆ ಮೇಲೆ ಬರೆಯೋದು. ಬೆಳಿಗ್ಗೆ ಓದಿದ್ದು ಒಂದು ಪುಟ ತುಂಬುತ್ತಿತ್ತು. ನಾಲ್ಕು ಗಂಟೆ ಮಾತಾಡಿ ಬಂದ ರಾತ್ರಿಯ ಓದು ಮೂರು ಸಾಲಿಗೆ ನಿಲ್ಲುತ್ತಿತ್ತು. ಪಾಠ ಹೇಳಿದ ಮೇಲೆ ಗಂಟಲು ಮಾತ್ರ ಸುಸ್ತಾಗಿರುತ್ತೆ ಅಂದುಕೊಂಡಿದ್ದೆ, ಅದು ತಪ್ಪು. ಬೇರೆಯವರ ತಪ್ಪು ಹುಡುಕಿ ಹುಡುಕಿ ತಲೆ ಖಾಲಿಯಾಗಿರುತ್ತೆ.

ಎರಡನೇ ಸಲ ಹೊಸ ಪಾಠ ಓದೋದನ್ನು ಬೆಳಿಗ್ಗೆ ಆರರಿಂದ ಎಂಟಕ್ಕೆ ಹಾಕಿಕೊಂಡೆ. ರಾತ್ರಿಗೆ ಬರೀ ಅರ್ಧ ಗಂಟೆ, ಅದೂ ಆ ವಾರ ತಪ್ಪಾದ ಪ್ರಶ್ನೆಗಳನ್ನು ಮತ್ತೆ ಮಾಡೋಕೆ ಮಾತ್ರ. ಎರಡು ಮನೆಗಳ ನಡುವೆ ಕಾಯೋ ಹೊತ್ತಿಗೆ ಚೀಟಿಗಳು. ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ.

ಸಮಯದ ಕಥೆ ಇಷ್ಟೇ. ನನ್ನ ಮೊದಲ ಸಲವನ್ನು ಕೆಡಿಸಿದ್ದು ನಿಜವಾಗಿ ಸಮಯ ಅಲ್ಲ, ದುಡ್ಡು. ಇದು ತಿಳಿಯೋಕೆ ನನಗೆ ಒಂದು ವರ್ಷ ಬೇಕಾಯ್ತು.

ದುಡ್ಡನ್ನು ನಾನು ಪಾಠದ ಗಂಟೆಯಲ್ಲೇ ಲೆಕ್ಕ ಹಾಕುತ್ತೇನೆ. ಒಂದು ಗಂಟೆ ಪಾಠಕ್ಕೆ ಬರೋ ದುಡ್ಡನ್ನೇ ಒಂದು ಗಂಟೆ ಅಂತ ಕರೆಯೋದು, ಅಷ್ಟೇ. ಖರ್ಚನ್ನೂ ಹಾಗೇ: ಮನೆಗೆ ಕೊಡೋದು, ಓಡಾಟ, ಫೋನು, ಎಲ್ಲ ಸೇರಿ ತಿಂಗಳಿಗೆ 54 ಗಂಟೆ. ಹೀಗೆ ಮಾಡಿದರೆ ಒಂದು ಲಾಭ ಇದೆ, ಪ್ರತಿ ಖರ್ಚಿಗೂ ಎಷ್ಟು ಓದಿನ ಹೊತ್ತು ಹೋಯ್ತು ಅನ್ನೋದು ತಕ್ಷಣ ಕಾಣುತ್ತೆ.

ಹಿಂದಿನ ವರ್ಷದ ಡೈರಿಯಿಂದ ಹನ್ನೆರಡೂ ತಿಂಗಳ ಪಾಠದ ಗಂಟೆ ಕೂಡಿಸಿದೆ. ಶಾಲೆ ಶುರುವಾಗೋ ತಿಂಗಳನ್ನು ಒಂದನೇ ತಿಂಗಳು ಅಂತ ಇಟ್ಟುಕೊಳ್ಳಿ. ಮೊದಲ ಎಂಟು ತಿಂಗಳು 60ರ ಆಸುಪಾಸು, ಮಧ್ಯದಲ್ಲಿ ಸಣ್ಣ ರಜೆ ಬಂದ ಆರನೇ ತಿಂಗಳು 48. ಮಕ್ಕಳ ವಾರ್ಷಿಕ ಪರೀಕ್ಷೆ ಹತ್ತಿರ ಬಂದಾಗ ಒಂಬತ್ತನೇ ತಿಂಗಳು 72, ಹತ್ತನೇ ತಿಂಗಳು 84. ಆಮೇಲೆ ದೊಡ್ಡ ರಜೆ: 26, 22. ವರ್ಷದ ಸರಾಸರಿ 56. ಖರ್ಚು 54. ಹಾಗಾದರೆ ತೊಂದರೆ ಎಲ್ಲಿ, ಅಲ್ವಾ? ತೊಂದರೆ ಏನಂದರೆ ಯಾರಿಗೂ ಸರಾಸರಿ ತಿಂಗಳು ಅಂತ ಒಂದು ಬರೋದಿಲ್ಲ. 84 ಬಂದ ತಿಂಗಳು ನಾನು ಶ್ರೀಮಂತೆ, ಹಳೇ ಬಾಕಿ ಇದ್ದ ಖರ್ಚೆಲ್ಲ ಆಗಲೇ ಮಾಡುತ್ತಿದ್ದೆ. 22 ಬಂದ ತಿಂಗಳು ಸಾಲ.

ಇನ್ನೊಂದು ವಿಷಯ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ನಮಗೆ ದುಡ್ಡು ಸಿಗೋದು ತಿಂಗಳು ಮುಗಿದ ಮೇಲೆ. ಪಾಠ ಕಮ್ಮಿಯಾದ ತಿಂಗಳು ಮತ್ತು ಜೇಬು ಖಾಲಿಯಾದ ತಿಂಗಳು ಒಂದೇ ಅಲ್ಲ, ಒಂದು ತಿಂಗಳು ಹಿಂದೆಮುಂದೆ. ರಜೆಯ ಮೊದಲ ತಿಂಗಳು ನಾನು ಆರಾಮಾಗಿರುತ್ತಿದ್ದೆ, ಕೈಯಲ್ಲಿ 84ರ ದುಡ್ಡು ಇರುತ್ತಿತ್ತು. ರಜೆ ಮುಗಿದು ಶಾಲೆ ಶುರುವಾಗಿ, ಎಲ್ಲ ಮನೆಯಲ್ಲೂ ಪಾಠ ಮತ್ತೆ ಶುರುವಾದ ತಿಂಗಳಲ್ಲಿ ಕೈಗೆ ಬರೋದು 22 ಗಂಟೆಯ ದುಡ್ಡು. ದುಡಿತ ಪೂರ್ತಿ, ಜೇಬು ಖಾಲಿ. ನನ್ನ ಪರೀಕ್ಷೆ ಇದ್ದದ್ದು ಶಾಲೆ ಶುರುವಾಗಿ ಏಳು ವಾರಕ್ಕೆ. ಮೊದಲ ಸಲ ಆ ತಿಂಗಳಲ್ಲಿ ಹೆದರಿಕೊಂಡು ಇನ್ನೂ ಎರಡು ಮನೆ ಒಪ್ಪಿಕೊಂಡೆ. ಆ ದುಡ್ಡು ಕೈಗೆ ಬರೋ ಹೊತ್ತಿಗೆ ಕಷ್ಟದ ತಿಂಗಳು ದಾಟಿಹೋಗಿತ್ತು, ಪರೀಕ್ಷೆಗೆ ಮುಂಚಿನ ಬೆಳಗುಗಳು ಮಾತ್ರ ಹೊಸ ಮಕ್ಕಳ ಹಳೇ ಪಾಠ ನೋಡಿಕೊಳ್ಳೋದರಲ್ಲಿ ಹೋದವು. ಈಗ ನೆನೆಸಿಕೊಂಡರೂ ನನ್ನ ಮೇಲೇ ಸಿಟ್ಟು ಬರುತ್ತೆ.

ಎರಡನೇ ಸಲ ಒಂದೇ ನಿಯಮ: ತಿಂಗಳಿಗೆ ನಾನು ತಗೊಳ್ಳೋದು 54, ಎಷ್ಟೇ ಬರಲಿ. ಮಿಕ್ಕಿದ್ದು ಬೇರೆ ಖಾತೆಗೆ. ಶುರು ಮಾಡಿದ್ದು ಐದನೇ ತಿಂಗಳಲ್ಲಿ, ಹತ್ತನೇ ತಿಂಗಳ ದುಡ್ಡು ಬರೋ ಹೊತ್ತಿಗೆ ಅಲ್ಲಿ 66 ಗಂಟೆ ಇತ್ತು. ರಜೆಯ ಎರಡು ತಿಂಗಳಿಗೆ ಕಮ್ಮಿ ಬೀಳೋದು 28 ಮತ್ತು 32, ಅಂದರೆ 60. ಉಳಿದದ್ದು ಆರು. ಪರೀಕ್ಷೆ ಫೀಸು, ಪುಸ್ತಕ, ಅಣಕು ಪರೀಕ್ಷೆ ಎಲ್ಲ ಆ ಆರು ಗಂಟೆಯೊಳಗೆ ಮುಗಿಯಬೇಕು. ಇದರಿಂದ ಒಳ್ಳೆಯದೇ ಆಯ್ತು ಅನ್ನಬೇಕು. ಮೊದಲ ಸಲ ನಾನು ಮೂರು ಕಡೆಯ ಟೆಸ್ಟ್ ಸೀರೀಸ್ ತಗೊಂಡು ಯಾವುದನ್ನೂ ಮುಗಿಸಿರಲಿಲ್ಲ. ಈ ಸಲ ಒಂದೇ. ಪುಸ್ತಕ ಹಳೆಯವೇ, ಹಿಂದಿನ ಪ್ರಶ್ನೆಪತ್ರಿಕೆಗಳು ಪುಕ್ಕಟೆ ಸಿಗುತ್ತವೆ.

ಈಗ ಎರಡು ಡೈರಿ ಒಟ್ಟಿಗೆ ನೋಡಿದರೆ ಸಂಗತಿ ಸ್ಪಷ್ಟ. ದುಡ್ಡು ಜಾಸ್ತಿ ಬರೋ ವಾರಗಳಲ್ಲಿ ಓದಿಗೆ ಹೊತ್ತಿಲ್ಲ, ಹೊತ್ತಿರೋ ವಾರಗಳಲ್ಲಿ ದುಡ್ಡಿಲ್ಲ. 84ರ ತಿಂಗಳಿಂದ ದುಡ್ಡನ್ನು ರಜೆಗೆ ತಳ್ಳಿದರೆ, ರಜೆಯ ಹೊತ್ತು ಓದಿಗೆ ಸಿಗುತ್ತೆ. ಹಾಗಾಗಿ ಓದನ್ನೂ ವಾರಕ್ಕೆ ಒಂದೇ ಸಮ ಹಂಚಲಿಲ್ಲ. ಮಾಮೂಲಿ 16 ವಾರ, ವಾರಕ್ಕೆ 14 ಗಂಟೆ. ಮಕ್ಕಳ ಪರೀಕ್ಷೆಯ ಎಂಟು ವಾರ, ಬರೀ ಆರು. ರಜೆಯ ಏಳು ವಾರ, 28. ಶಾಲೆ ಶುರುವಾಗಿ ನನ್ನ ಪರೀಕ್ಷೆವರೆಗಿನ ಏಳು ವಾರ, ಮತ್ತೆ 14. ಕೂಡಿದರೆ 566. ಜ್ವರ, ಮದುವೆ, ಕರೆಂಟು ಅಂತ ಐದರಲ್ಲಿ ಒಂದು ಪಾಲು ತೆಗೆದೆ, ಉಳಿದದ್ದು ಸುಮಾರು 450. ಗೋಡೆಯ ಮೇಲಿನ 1330ರ ಮುಂದೆ ಇದು ಏನೂ ಅಲ್ಲ. ಆದರೆ ಸಿಲಬಸ್‌ನಲ್ಲಿ 42 ಪಾಠ, ಹನ್ನೆರಡು ಮೊದಲೇ ಬರುತ್ತಿದ್ದವು. ಮಿಕ್ಕ 30ರಲ್ಲಿ ಮೂರನ್ನು ಗಡಿಯಾರ ಇಟ್ಟು ಓದಿ ನೋಡಿದೆ, ಒಂದಕ್ಕೆ ಆರು ಗಂಟೆ ಹಿಡಿಯಿತು. ಅಂದರೆ 180. ಉಳಿದ 270 ಗಂಟೆ ಮತ್ತೆ ಓದೋಕೆ, ಟೆಸ್ಟ್ ಬರೆಯೋಕೆ. ಸಾಕು.

ಕಷ್ಟದ ಪಾಠಗಳನ್ನೆಲ್ಲ ರಜೆಗೆ ಇಟ್ಟೆ. ಮಕ್ಕಳ ಪರೀಕ್ಷೆಯ ಎಂಟು ವಾರದಲ್ಲಿ ಹೊಸದು ಏನನ್ನೂ ಮುಟ್ಟಲಿಲ್ಲ. ಆದರೆ ಪೂರ್ತಿ ಬಿಡಲೂ ಇಲ್ಲ, ಇದು ಮುಖ್ಯ. ಮೊದಲ ಸಲ ಆ ಎಂಟು ವಾರ ಪುಸ್ತಕವನ್ನೇ ತೆಗೆಯದೆ, ರಜೆ ಬಂದಾಗ ಎರಡು ವಾರ ಹಳೆಯದನ್ನೇ ಮತ್ತೆ ಓದಬೇಕಾಯಿತು. ಎಬಿಂಗ್‌ಹಾಸ್ ಅನ್ನೋ ಜರ್ಮನ್ ವಿಜ್ಞಾನಿ ಅರ್ಥವಿಲ್ಲದ ಅಕ್ಷರಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತೆ ಅಂತ ಅಳೆದು 1885ರಲ್ಲೇ ಬರೆದಿಟ್ಟಿದ್ದಾನೆ: ಮರೆವು ಮೊದಮೊದಲು ವೇಗವಾಗಿ, ಆಮೇಲೆ ನಿಧಾನವಾಗಿ. ಮಕ್ಕಳಿಗೆ "ಕಲಿತದ್ದನ್ನು ನಾಳೆ ಒಂದು ಸಲ ನೋಡಿ" ಅಂತ ನಾನೇ ದಿನಾ ಹೇಳುತ್ತೇನೆ! ಈ ಸಲ ದಿನಕ್ಕೆ 40 ನಿಮಿಷ ಚೀಟಿ, ಹದಿನೈದು ದಿನಕ್ಕೊಂದು ಪೂರ್ತಿ ಟೆಸ್ಟ್. ಅಷ್ಟಕ್ಕೇ ಹಳೆಯದು ಕೈಯಲ್ಲಿ ಉಳಿಯಿತು.

ಟೆಸ್ಟ್ ವಿಷಯಕ್ಕೆ ಬಂದರೆ ನಾಚಿಕೆಯ ಕಥೆ. 100 ಪ್ರಶ್ನೆ, 120 ನಿಮಿಷ, ತಪ್ಪಿಗೆ ಕಾಲು ಅಂಕ ಹೋಗುತ್ತೆ. ಮೊದಲ ಟೆಸ್ಟ್‌ನಲ್ಲಿ 52 ಸರಿ, 19 ತಪ್ಪು, 29 ಮುಟ್ಟಲೇ ಇಲ್ಲ. 47.25 ಬಂತು. ಮುಟ್ಟದ ಪ್ರಶ್ನೆಗಳಲ್ಲಿ ಹೆಚ್ಚಿನವು ಬರುತ್ತಿದ್ದವೇ, ಹೊತ್ತು ಸಾಲಲಿಲ್ಲ. ಹೊತ್ತನ್ನು ತಿಂದಿದ್ದು ಯಾವುದು ಗೊತ್ತಾ? ಗಣಿತ. ನಾನು ಐದು ಮನೆಯಲ್ಲೂ ಹೇಳೋದು ಗಣಿತವೇ. 25 ಪ್ರಶ್ನೆಗೆ 51 ನಿಮಿಷ.

ಹಾಳೆ ತಿರುಗಿಸಿ ನೋಡಿದೆ. ಬೆಲೆ 20% ಏರಿ, ಆಮೇಲೆ 20% ಇಳಿದರೆ ಒಟ್ಟು ಎಷ್ಟು ಬದಲಾಯಿತು ಅಂತ ಒಂದು ಪ್ರಶ್ನೆ. ಅದರ ಕೆಳಗೆ ನಾನು ಅಂದವಾಗಿ ಬರೆದಿದ್ದೆ: ಮೊದಲ ಬೆಲೆ 100 ಆಗಿರಲಿ. ಏರಿಕೆ 20. ಹೊಸ ಬೆಲೆ 120. ಇದರ 20% ಅಂದರೆ 24. ಕೊನೆಯ ಬೆಲೆ 96. ಆದ್ದರಿಂದ 4% ಇಳಿಕೆ. ಕೆಳಗೆ ಗೆರೆ ಕೂಡ ಎಳೆದಿದ್ದೆ. ಯಾರಿಗೆ ಬರೆದಿದ್ದೆ ಇದನ್ನು? ಎದುರಿಗೆ ಹುಡುಗ ಇಲ್ಲ. ಒಂದೇ ಸಂಖ್ಯೆಯಷ್ಟು ಏರಿ ಇಳಿದರೆ ಅದರ ವರ್ಗವನ್ನು ನೂರರಿಂದ ಭಾಗಿಸಿದಷ್ಟು ಇಳಿಕೆ, 400 ಭಾಗ 100, ನಾಲ್ಕು, ಮುಗೀತು. ಒಂದು ಪ್ರಶ್ನೆಗೆ ಸಿಗೋದು 72 ಸೆಕೆಂಡು, ನಾನು ಬೋರ್ಡಿನ ಮೇಲೆ ಬರೆದ ಹಾಗೆ ಬಿಡಿಸುತ್ತಿದ್ದೆ. ಪಾಠ ಹೇಳಿ ಹೇಳಿ ಗಣಿತ ಗಟ್ಟಿಯಾಗಿದ್ದು ನಿಜ, ಆದರೆ ಕೈ ನಿಧಾನ ಆಗಿಬಿಟ್ಟಿತ್ತು. ನಮ್ಮ ಕೆಲಸವೇ ನಿಧಾನವಾಗಿ ಹೇಳೋದು ತಾನೆ.

ಅದಕ್ಕೆ ಗಣಿತದ ಓದನ್ನೇ ನಿಲ್ಲಿಸಿ, ಬರೀ ವೇಗದ ಅಭ್ಯಾಸ ಮಾಡಿದೆ. 25 ಪ್ರಶ್ನೆ, 30 ನಿಮಿಷ, ಹಾಳೆಯ ಬದಲು ಅಂಗೈಯಷ್ಟು ಚೀಟಿ. ಜಾಗ ಇಲ್ಲದಿದ್ದರೆ "ಆಗಿರಲಿ" ಅಂತ ಬರೆಯೋಕಾಗಲ್ಲ. ರಜೆ ಮುಗಿಯೋ ಹೊತ್ತಿಗೆ 34 ನಿಮಿಷಕ್ಕೆ ಬಂದೆ.

ಈ 25 ಪ್ರಶ್ನೆಯ ಕಂತೆಗಳು ಇನ್ನೊಂದಕ್ಕೂ ಒದಗಿದವು. ಮನೆಪಾಠ ಹೇಳುವವರಿಗೆಲ್ಲ ಗೊತ್ತಿರುತ್ತೆ, ನಾಲ್ಕು ಗಂಟೆಗೆ ಪಾಠ ಅಂದರೆ ಮೂರೂ ನಲವತ್ತಕ್ಕೆ ಮೆಸೇಜ್: "ಮಿಸ್, ಇವತ್ತು ಬೇಡ, ಗೆಸ್ಟ್ ಬಂದಿದಾರೆ." ಅಷ್ಟರಲ್ಲಿ ನಾನು ಅರ್ಧ ದಾರಿಯಲ್ಲಿ. ವಾರಕ್ಕೆ ಸರಾಸರಿ ಎರಡು ಗಂಟೆ ಹೀಗೆ ಹೋಗುತ್ತಿತ್ತು, ಆ ಎರಡು ಗಂಟೆ ಫೋನ್ ನೋಡುತ್ತಾ ಕಳೆಯುತ್ತಿದ್ದೆ. ಈ ಸಲ ಚೀಲದಲ್ಲಿ ಯಾವಾಗಲೂ ಒಂದು ಕಂತೆ ಮತ್ತು ಒಂದು ಪೆನ್ಸಿಲ್. ಮೆಸೇಜ್ ಬಂದ ತಕ್ಷಣ ಎಲ್ಲಿದ್ದೇನೋ ಅಲ್ಲೇ ಕೂತು ಟೈಮರ್ ಹಾಕೋದು. ಏನು ಓದಲಿ ಅಂತ ಆಗ ಯೋಚಿಸೋಕೆ ಹೋದರೆ ಕೆಟ್ಟಿತು, ಆ ಯೋಚನೆಯಲ್ಲೇ ಇಪ್ಪತ್ತು ನಿಮಿಷ ಹೋಗುತ್ತೆ.

ದುಡ್ಡಿನ ಕಡೆಯಿಂದಲೂ ಇದಕ್ಕೊಂದು ಮಾತು ಆಡಿದೆ. ಹಿಂದಿನ ದಿನ ಹೇಳಿದರೆ ಬೇರೆ ದಿನ ಪಾಠ ಮಾಡಿಕೊಡುತ್ತೇನೆ, ಅದೇ ದಿನ ಹೇಳಿದರೆ ಆ ಗಂಟೆ ಆಯಿತು ಅಂತಲೇ ಲೆಕ್ಕ. ನಾಲ್ಕು ಮನೆಯವರು ಒಪ್ಪಿದರು. ಐದನೆಯವರು "ಬರದೇ ಇರೋ ಪಾಠಕ್ಕೆ ಯಾಕೆ ಕೊಡಬೇಕು" ಅಂದರು. ಅವರ ಮಾತಿನಲ್ಲೂ ತಪ್ಪಿಲ್ಲ. ಎರಡು ತಿಂಗಳಾದ ಮೇಲೆ ಆ ಮನೆ ಬಿಟ್ಟುಹೋಯಿತು, ಅದರ ಜಾಗಕ್ಕೆ ಇನ್ನೊಂದು ಬರೋಕೆ ಮೂರು ವಾರ ಹಿಡಿಯಿತು. ಆ ಮೂರು ವಾರದ ನಷ್ಟ, ಉಳಿದ ನಾಲ್ಕು ಮನೆಯವರು ಕೊನೇ ಗಳಿಗೆಯಲ್ಲಿ ಬೇಡ ಅನ್ನೋದು ನಿಂತಿದ್ದರಿಂದ ಹೆಚ್ಚುಕಮ್ಮಿ ಸರಿಹೋಯಿತು. ಆದರೆ ಇದನ್ನು ಮಕ್ಕಳ ಪರೀಕ್ಷೆ ಹತ್ತಿರ ಇರುವಾಗ ಹೇಳಬಾರದು. ಆಗ ಹೇಳಿದರೆ ಕುತ್ತಿಗೆ ಮೇಲೆ ಕೂತ ಹಾಗಿರುತ್ತೆ. ಶಾಲೆಯ ಮಾಮೂಲಿ ದಿನಗಳಲ್ಲಿ ಹೇಳಿದರೆ ಯಾರಿಗೂ ಬೇಜಾರಿಲ್ಲ.

ಪರೀಕ್ಷೆಗೆ ಮುಂಚಿನ ಏಳು ವಾರ ಅಂದುಕೊಂಡಷ್ಟು ಕೆಟ್ಟದಾಗಿರಲಿಲ್ಲ. ಶಾಲೆ ಶುರುವಾದ ತಿಂಗಳು ಕೈಗೆ 22 ಬಂತು, ಖಾತೆಯಿಂದ 32 ತೆಗೆದೆ. ಹೊಸದಾಗಿ ಇಬ್ಬರು ಕೇಳಿದರು, ಎರಡು ತಿಂಗಳು ಆದಮೇಲೆ ಬರುತ್ತೇನೆ ಅಂದೆ. ಒಬ್ಬರು ಕಾದರು, ಇನ್ನೊಬ್ಬರು ಬೇರೆಯವರನ್ನು ಹಿಡಿದರು. ಪರೀಕ್ಷೆಯ ಹಿಂದಿನ ಆರು ದಿನ ರಜೆ ಬೇಕು ಅಂತ ಎಲ್ಲರಿಗೂ ಒಂದು ತಿಂಗಳು ಮುಂಚೆ ಹೇಳಿ, ಆ ಪಾಠಗಳನ್ನು ಮೊದಲೇ ಭಾನುವಾರಗಳಲ್ಲಿ ಮಾಡಿಮುಗಿಸಿದ್ದೆ. ಆಮೇಲೆ ಮಾಡಿಕೊಡುತ್ತೇನೆ ಅಂದಿದ್ದರೆ ಆ ತಿಂಗಳ ದುಡ್ಡು ಕಡಿತ ಆಗುತ್ತಿತ್ತು. ಕೊನೆಯ ಅಣಕು ಪರೀಕ್ಷೆಯಲ್ಲಿ 69 ಸರಿ, 15 ತಪ್ಪು, 65.25.

ಮೊದಲ ಹಂತ ಪಾಸಾಗಿದೆ. ಎರಡನೇ ಹಂತ ಬರೆಯೋದು ಮುಂದಿನ ಹತ್ತನೇ ತಿಂಗಳಲ್ಲಿ, ಸರಿಯಾಗಿ ಮಕ್ಕಳ ವಾರ್ಷಿಕ ಪರೀಕ್ಷೆಯ ನಡುವೆ. ಹಾಗಾಗಿ ಈ ಸಲ 72, 84 ಅಂತ ಹೋಗೋ ಹಾಗಿಲ್ಲ, 62 ಮತ್ತು 66ಕ್ಕೆ ನಿಲ್ಲಿಸಬೇಕು. ಲೆಕ್ಕ ಹಾಕಿ ನೋಡಿದೆ. ಮೊದಲ ಎಂಟು ತಿಂಗಳಲ್ಲಿ 36 ಉಳಿಯುತ್ತೆ, ಆ ಎರಡು ತಿಂಗಳಲ್ಲಿ 20. ಒಟ್ಟು 56. ರಜೆಗೆ ಬೇಕಾದದ್ದು 60. ಎರಡನೇ ಹಂತದ ಫೀಸು, ಪುಸ್ತಕ ಸೇರಿದರೆ ಇನ್ನೂ ಮೂರು. ಏಳು ಗಂಟೆ ಕಮ್ಮಿ. ಕಾದಿದ್ದ ಆ ಹೊಸ ಮನೆಯವರು ಮೊನ್ನೆ ಕೇಳಿದರು, ರಜೆಯಲ್ಲೂ ವಾರಕ್ಕೊಂದು ಗಂಟೆ ಬರ್ತೀರಾ ಅಂತ. ಏಳು ವಾರಕ್ಕೆ ಮಾತ್ರ ಹೂಂ ಅಂದೆ.